ಟೆಸ್ಟ್ ಓಡಿಸಿದ ದಾಖಲೆ ಎಲ್ಲಿರಬೇಕು? ಜಿರಾದ ಒಳಗಿನ ಮೂರು ದಾರಿ, ಹೊರಗಿನ ಒಂದು ದಾರಿ

ರಿಲೀಸ್ ಹತ್ತಿರ ಬಂದಾಗ ಮ್ಯಾನೇಜರ್ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಎಷ್ಟು ಪಾಸ್ ಆಯ್ತು?" ಇದಕ್ಕೆ ಎಕ್ಸೆಲ್ ಶೀಟ್ ಕೂಡ ಉತ್ತರ ಕೊಡುತ್ತದೆ. ಆಡಿಟರ್ ಕೇಳುವ ಪ್ರಶ್ನೆ ಬೇರೆ. "ಈ ಟೆಸ್ಟ್ ಯಾವ ಬಿಲ್ಡ್ ಮೇಲೆ ಪಾಸ್ ಆಯಿತು? ಯಾರು ಓಡಿಸಿದರು? ಅದಕ್ಕೂ ಮುಂಚೆ ಫೇಲ್ ಆಗಿತ್ತಾ? ಆಗ ಸಿಕ್ಕ ಬಗ್ ಯಾವುದು?" ಟೂಲ್ ಆರಿಸುವಾಗ ಈ ಎರಡನೇ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳಬೇಕು. ಹಾಗೆ ನೋಡಿದರೆ ಟೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಬೇಗ ಕಾಣುತ್ತದೆ. ಡ್ಯಾಶ್‌ಬೋರ್ಡ್ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ಅಳತೆಗೋಲನ್ನು ನಾವೇ ಹುಟ್ಟಿಸಿಕೊಳ್ಳಬೇಕಾಗಿಲ್ಲ. ವೈದ್ಯಕೀಯ ಸಾಧನಗಳ ಸಾಫ್ಟ್‌ವೇರ್‌ಗೆ ಐಇಸಿ 62304 ಅಂತ ಒಂದು ಸ್ಟ್ಯಾಂಡರ್ಡ್ ಇದೆ. 2006ರಲ್ಲಿ ಬಂತು, 2015ರಲ್ಲಿ ತಿದ್ದುಪಡಿ ಆಯಿತು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಟೀಮ್‌ಗಳು ಬೇಕಾದಷ್ಟಿವೆ, ಅವರಿಗೆ ಇದು ಬಾಯಿಪಾಠ. ಸಿಸ್ಟಂ ಟೆಸ್ಟಿಂಗ್ ದಾಖಲೆಯಲ್ಲಿ ಏನೇನು ಇರಬೇಕು ಅಂತ ಅದು ನೇರವಾಗಿ ಹೇಳುತ್ತದೆ: ಏನು ಮಾಡಬೇಕು, ಏನು ಬರಬೇಕು ಎಂದು ತೋರಿಸುವ ಟೆಸ್ಟ್ ಕೇಸ್, ಪಾಸೋ ಫೇಲೋ, ಜೊತೆಗೆ ಸಿಕ್ಕ ದೋಷಗಳ ಪಟ್ಟಿ, ಯಾವ ಸಾಫ್ಟ್‌ವೇರ್ ವರ್ಷನ್, ಯಾವ ಹಾರ್ಡ್‌ವೇರ್, ಯಾವ ಸೆಟಪ್, ಬಳಸಿದ ಟೆಸ್ಟ್ ಟೂಲ್‌ಗಳು, ತಾರೀಖು, ಓಡಿಸಿದವರು ಯಾರು. ನೀವು ಮಾಡುವುದು ಪೇರೋಲ್ ಸಾಫ್ಟ್‌ವೇರ್ ಆದರೂ ಈ ಪಟ್ಟಿ ಹೊಂದುತ್ತದೆ. ಇದರಲ್ಲಿ ಟೆಸ್ಟ್ ಕೇಸ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದು ಸಲದ ಓಟಕ್ಕೆ ಸೇರಿದ್ದು, ಗಮನಿಸಿ.

ಗೊಂದಲ ಹುಟ್ಟುವುದು ಇಲ್ಲೇ. ಟೆಸ್ಟ್ ಕೇಸ್ ವರ್ಷಗಟ್ಟಲೆ ಬದುಕುತ್ತದೆ. ಓಟ ಒಂದು ಘಟನೆ. ಪ್ರಶ್ನೆಪತ್ರಿಕೆ ಒಂದೇ ಇದ್ದರೂ ಪರೀಕ್ಷೆ ಬರೆದಾಗಲೆಲ್ಲ ಅಂಕಪಟ್ಟಿ ಬೇರೆ ಬರುತ್ತದಲ್ಲ, ಹಾಗೆ. ಬಗ್‌ನದ್ದು ಮೂರನೇ ಕಥೆ. ಅದು ಒಂದು ಓಟದಲ್ಲಿ ಸಿಕ್ಕಿದರೂ ತನ್ನದೇ ದಾರಿಯಲ್ಲಿ ಹೋಗಿ ಮುಚ್ಚಿಕೊಳ್ಳುತ್ತದೆ. ಈ ಮೂರನ್ನೂ ಬೇರೆ ಬೇರೆ ಇಟ್ಟು, ನಡುವೆ ಗಂಟು ಹಾಕುವ ಟೂಲ್ ಕೆಲಸಕ್ಕೆ ಬರುತ್ತದೆ.

ಹೋಲಿಕೆಗೆ ಒಂದು ಸೈಕಲ್

ಎಲ್ಲ ದಾರಿಗಳನ್ನೂ ಒಂದೇ ಉದಾಹರಣೆಯ ಮೇಲೆ ನೋಡೋಣ. ಇನ್‌ಫ್ಯೂಷನ್ ಪಂಪ್ ಸಾಫ್ಟ್‌ವೇರ್, ವರ್ಷನ್ 3.2 ಅಂದುಕೊಳ್ಳಿ. ಜಿರಾ ಪ್ರಾಜೆಕ್ಟ್ ಕೀ `PUMP`. ಫಾರ್ಮಲ್ ಸೈಕಲ್‌ನಲ್ಲಿ 80 ಟೆಸ್ಟ್ ಕೇಸ್. ಮೊದಲ ಬಿಲ್ಡ್ ಆರ್‌ಸಿ1.

ಆರ್‌ಸಿ1 ಮುಗಿದಾಗ 61 ಪಾಸ್, 8 ಫೇಲ್, 7 ಬ್ಲಾಕ್ಡ್, 4 ಓಡಿಸಲು ಸಮಯ ಸಿಗಲಿಲ್ಲ. ಎಂಟು ಫೇಲ್‌ಗಳ ಹಿಂದೆ ಇರುವುದು ಮೂರೇ ಬಗ್. ಅಲಾರಂ ತಡವಾಗಿ ಬಾರಿಸುವ ಬಗ್‌ನಿಂದ ಐದು ಫೇಲ್. ಸೆಟ್ಟಿಂಗ್ ಸೇವ್ ಆಗದ ಬಗ್‌ನಿಂದ ಎರಡು. ಪರದೆಯ ಮೇಲಿನ ಒಂದು ತಪ್ಪು ಯೂನಿಟ್‌ನಿಂದ ಒಂದು. ಬ್ಲಾಕ್ ಆದ ಏಳೂ ಸೆಟ್ಟಿಂಗ್ ಸೇವ್ ಆದ ಮೇಲೆ ಶುರುವಾಗಬೇಕಾದ ಟೆಸ್ಟ್‌ಗಳು.

ಆಮೇಲೆ ಆರ್‌ಸಿ2 ಬಂತು. ಉಳಿದ 19 ಟೆಸ್ಟ್ ಓಡಿಸಿದರು: 17 ಪಾಸ್, 2 ಫೇಲ್. ಅಲಾರಂ ಕೋಡ್ ಮುಟ್ಟಿದ್ದರಿಂದ, ಆರ್‌ಸಿ1ರಲ್ಲಿ ಪಾಸ್ ಆಗಿದ್ದ 12 ಟೆಸ್ಟ್‌ಗಳನ್ನೂ ಮತ್ತೆ ಓಡಿಸಿದರು. 11 ಪಾಸ್, 1 ಫೇಲ್. ಅಂದರೆ ಮೊದಲು ಚೆನ್ನಾಗಿದ್ದದ್ದು ಈಗ ಕೆಟ್ಟಿದೆ.

ಕೊನೆಯ ಲೆಕ್ಕ: 77 ಪಾಸ್, 3 ಫೇಲ್. ಆದರೆ ಈ 77ರಲ್ಲಿ ಆರ್‌ಸಿ2 ಮೇಲೆ ಪಾಸ್ ಆದದ್ದು 28 ಮಾತ್ರ. ಉಳಿದ 49ಕ್ಕೆ ಸಾಕ್ಷಿ ಇರುವುದು ಆರ್‌ಸಿ1 ಮೇಲೆ, ಹೊರಗೆ ಹೋಗುತ್ತಿರುವುದು ಆರ್‌ಸಿ2. ಇದರಲ್ಲಿ ತಪ್ಪೇನಿಲ್ಲ, ಎಷ್ಟೋ ಸಲ ಇದೇ ಸರಿಯಾದ ನಿರ್ಧಾರ. ಆದರೆ ಆ 49 ಯಾವುವು, ಅವುಗಳನ್ನು ಮತ್ತೆ ಓಡಿಸದೆ ಬಿಟ್ಟದ್ದು ಯಾಕೆ ಅಂತ ಹೇಳಲು ಆಗಬೇಕು. ಟ್ರ್ಯಾಕರ್ ಈ 49ನ್ನು ತೋರಿಸುತ್ತದೋ ಇಲ್ಲವೋ ಅನ್ನುವುದೇ ಮುಂದಿನ ಪರೀಕ್ಷೆ.

ದಾರಿ 1: ಟೆಸ್ಟ್ ಕೇಸ್‌ನ ಸ್ಟೇಟಸ್ಸೇ ಫಲಿತಾಂಶ

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಜಿರಾದಲ್ಲಿ `Test Case` ಅಂತ ಒಂದು ಇಶ್ಯೂ ಟೈಪ್ ಮಾಡುತ್ತಾರೆ. ವರ್ಕ್‌ಫ್ಲೋದಲ್ಲಿ `To Do`, `Passed`, `Failed` ಇಡುತ್ತಾರೆ. ಫೇಲ್ ಆದರೆ ಬಗ್ ಹಾಕಿ ಲಿಂಕ್ ಮಾಡುತ್ತಾರೆ. ಅರ್ಧ ದಿನದಲ್ಲಿ ಸಿದ್ಧ, ದುಡ್ಡೂ ಇಲ್ಲ. ಆರ್‌ಸಿ1 ಮುಗಿಯುವವರೆಗೂ ತುಂಬಾ ಚೆನ್ನಾಗಿರುತ್ತದೆ.

ಆರ್‌ಸಿ2 ಬಂದ ದಿನ ತೊಂದರೆ ಶುರು. 31 ಟೆಸ್ಟ್‌ಗಳನ್ನು ವಾಪಸ್ `To Do`ಗೆ ತರಬೇಕು. ತಂದ ಕ್ಷಣ ಆರ್‌ಸಿ1ರ ಫಲಿತಾಂಶ ಪರದೆಯಿಂದ ಹೋಯಿತು. ಪೂರ್ತಿ ಅಳಿಸಿ ಹೋಗುವುದಿಲ್ಲ, ಹಿಸ್ಟರಿಯಲ್ಲಿ ಇರುತ್ತದೆ. ಜೆಕ್ಯೂಎಲ್‌ನಲ್ಲಿ ಹುಡುಕಿ ತೆಗೆಯಲೂ ಆಗುತ್ತದೆ:

```
project = PUMP AND issuetype = "Test Case"
AND status WAS "Failed" ON "2025/03/14"
```

ಇದು ಆ ದಿನ ಫೇಲ್ ಆಗಿದ್ದವನ್ನು ಕೊಡುತ್ತದೆ. ಆದರೆ ಉತ್ತರ ತಾರೀಖಿಗೆ ಸಿಕ್ಕಿತು, ಬಿಲ್ಡ್‌ಗೆ ಸಿಗಲಿಲ್ಲ. ಆ ದಿನ ಒಬ್ಬರ ಬೆಂಚ್ ಮೇಲೆ ಆರ್‌ಸಿ1, ಇನ್ನೊಬ್ಬರ ಬೆಂಚ್ ಮೇಲೆ ಆರ್‌ಸಿ2 ಇದ್ದರೆ? ಹೇಳಲು ದಾರಿಯಿಲ್ಲ. ಕೆಲವರು ಸ್ಟೇಟಸ್ ಬದಲು ಒಂದು ಕಸ್ಟಮ್ ಫೀಲ್ಡ್‌ನಲ್ಲಿ ಫಲಿತಾಂಶ ಇಡುತ್ತಾರೆ. ಅದು ಇನ್ನೂ ಕಷ್ಟ. `WAS` ನಡೆಯುವುದು ಸ್ಟೇಟಸ್, ಅಸೈನೀ, ಪ್ರಯಾರಿಟಿಯಂಥ ಕೆಲವೇ ಫೀಲ್ಡ್‌ಗಳ ಮೇಲೆ. ಕಸ್ಟಮ್ ಫೀಲ್ಡ್‌ನ ಹಳೆಯ ಬೆಲೆಯನ್ನು ಹುಡುಕಲು ಅದು ಬರುವುದಿಲ್ಲ. ಒಂದೊಂದೇ ಇಶ್ಯೂ ತೆರೆದು ಹಿಸ್ಟರಿ ಓದಬೇಕು.

ಇನ್ನೊಂದು ಸಣ್ಣ ವಿಷ ಇದೆ. ಸೈಕಲ್ ಮಧ್ಯೆ ಯಾರೋ ಟೆಸ್ಟ್‌ನ ಮೂರನೇ ಸ್ಟೆಪ್ ತಿದ್ದುತ್ತಾರೆ. ಈಗ ಆ ಇಶ್ಯೂ ನೋಡಿದವರಿಗೆ ಆರ್‌ಸಿ1ರಲ್ಲೂ ಇದೇ ಸ್ಟೆಪ್ ಓಡಿಸಿದ್ದರು ಅನಿಸುತ್ತದೆ. ಓಡಿಸಿದ್ದು ಬೇರೆ, ಬರೆದಿರುವುದು ಬೇರೆ.

ನಮ್ಮ 49ರ ಪ್ರಶ್ನೆಗೆ ಈ ದಾರಿಯಲ್ಲಿ ಉತ್ತರ ಇಲ್ಲ. ಒಂದೇ ಬಿಲ್ಡ್, ಒಂದೇ ಸಲ ಓಡಿಸಿ ಮುಗಿಸುವ ಕೆಲಸಕ್ಕೆ, ಉದಾಹರಣೆಗೆ ಒಂದು ಡೇಟಾ ಮೈಗ್ರೇಷನ್ ತಪಾಸಣೆಗೆ ಸಾಕು. ಫಾರ್ಮಲ್ ಸೈಕಲ್‌ಗೆ ಬೇಡ ಅಂತಲೇ ಹೇಳುತ್ತೇನೆ.

ದಾರಿ 2: ಪ್ರತಿ ಓಟಕ್ಕೂ ಒಂದು ಸಬ್‌ಟಾಸ್ಕ್

ಆಡ್-ಆನ್ ಇಲ್ಲದೆ, ಬರಿ ಜಿರಾದಲ್ಲಿ ಸರಿಯಾಗಿ ಮಾಡಬೇಕೆಂದರೆ ಇದೇ ದಾರಿ. ಜನ ಇದನ್ನು ಕಡಿಮೆ ಅಂದಾಜು ಮಾಡುತ್ತಾರೆ.

ಪ್ರತಿ ಬಿಲ್ಡ್‌ಗೂ ಒಂದು ತಾಯಿ ಇಶ್ಯೂ: "3.2 ಆರ್‌ಸಿ1 ಸಿಸ್ಟಂ ಟೆಸ್ಟ್". ಅದರ ಕೆಳಗೆ ಪ್ರತಿ ಓಟಕ್ಕೂ ಒಂದು ಸಬ್‌ಟಾಸ್ಕ್, `Test Run` ಅನ್ನುವ ಟೈಪ್‌ನಲ್ಲಿ. ಟೆಸ್ಟ್ ಕೇಸ್‌ಗಳು ಬೇರೆ ಇಶ್ಯೂಗಳಾಗಿ ಇರುತ್ತವೆ, ಅವುಗಳ ಮೇಲೆ ಫಲಿತಾಂಶ ಇರುವುದಿಲ್ಲ. ಸೈಕಲ್ ಶುರುವಾಗುವ ಮುಂಚೆ ಕೇಸ್‌ಗಳ ಪಠ್ಯವನ್ನು ಸಿಎಸ್‌ವಿ ಮೂಲಕ ಸಬ್‌ಟಾಸ್ಕ್‌ಗಳಿಗೆ ನಕಲು ಮಾಡಿ, ಮೂಲ ಕೇಸ್‌ಗೆ ಲಿಂಕ್ ಕೊಡುತ್ತೀರಿ. ಈ ನಕಲು ದಡ್ಡ ಕೆಲಸದಂತೆ ಕಾಣುತ್ತದೆ. ಆದರೆ ಇದೇ ನಮ್ಮನ್ನು ಕಾಪಾಡುವುದು. ಅವತ್ತು ಟೆಸ್ಟರ್ ಓದಿದ ಸ್ಟೆಪ್‌ಗಳು ಅಲ್ಲೇ ನಿಂತಿರುತ್ತವೆ. ಮೂಲ ಕೇಸ್ ನಾಳೆ ಬದಲಾದರೂ ಇದು ಬದಲಾಗುವುದಿಲ್ಲ.

ನಮ್ಮ ಸೈಕಲ್‌ನಲ್ಲಿ ಆರ್‌ಸಿ1 ಕೆಳಗೆ 80, ಆರ್‌ಸಿ2 ಕೆಳಗೆ 31, ಒಟ್ಟು 111 ಸಬ್‌ಟಾಸ್ಕ್. ಪ್ರತಿಯೊಂದಕ್ಕೂ ಬಿಲ್ಡ್, ಪಂಪ್‌ನ ಹಾರ್ಡ್‌ವೇರ್ ರಿವಿಷನ್, ಟೆಸ್ಟ್ ಟೂಲ್, ಓಡಿಸಿದವರು, ಓಡಿಸಿದ ತಾರೀಖು ಅನ್ನುವ ಫೀಲ್ಡ್‌ಗಳು. ಓಡಿಸಿದವರನ್ನು ಅಸೈನೀ ಫೀಲ್ಡ್‌ಗೆ ಬಿಡಬೇಡಿ. ಅಸೈನೀ ಬದಲಾಗುತ್ತಲೇ ಇರುತ್ತಾರೆ, ಟೀಮ್ ಬಿಟ್ಟು ಹೋದವರ ಕೆಲಸವನ್ನು ಯಾರೋ ಒಟ್ಟಿಗೆ ತಮ್ಮ ಹೆಸರಿಗೆ ಹಾಕಿಕೊಳ್ಳುತ್ತಾರೆ. ಬೇರೆ ಫೀಲ್ಡ್ ಮಾಡಿ.

ವರ್ಕ್‌ಫ್ಲೋದಲ್ಲಿ ಎರಡು ಕಟ್ಟುಪಾಡು ಬೇಕು. `Passed` ಮತ್ತು `Failed` ಸ್ಟೇಟಸ್‌ಗಳಿಂದ ಹೊರಗೆ ಹೋಗಲು ದಾರಿ ಇಡಬೇಡಿ, ಮತ್ತೆ ಓಡಿಸಬೇಕಾದರೆ ಹೊಸ ಸಬ್‌ಟಾಸ್ಕ್. ಮತ್ತು ಆ ಸ್ಟೇಟಸ್‌ಗಳಿಗೆ ಈ ಪ್ರಾಪರ್ಟಿ ಹಾಕಿ:

```
jira.issue.editable = false
```

ಇದರಿಂದ ಫಲಿತಾಂಶ ಬರೆದ ಮೇಲೆ ಫೀಲ್ಡ್‌ಗಳನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಬಗ್ ಲಿಂಕ್ ಮಾಡುವುದು, ಫೋಟೋ ಅಥವಾ ಲಾಗ್ ಸೇರಿಸುವುದು ಎಲ್ಲವನ್ನೂ ಫೇಲ್ ಒತ್ತುವ ಮುಂಚೆ ಮಾಡುವ ಅಭ್ಯಾಸ ಟೀಮ್‌ಗೆ ಬೇಕು. ಮೊದಲ ವಾರ ಎಲ್ಲರೂ ಬೈದುಕೊಳ್ಳುತ್ತಾರೆ, ಆಮೇಲೆ ರೂಢಿಯಾಗುತ್ತದೆ. ತಾಯಿ ಇಶ್ಯೂ ಮುಚ್ಚುವ ಹೆಜ್ಜೆಗೆ, ಸಬ್‌ಟಾಸ್ಕ್‌ಗಳ ಸ್ಟೇಟಸ್ ನೋಡಿ ತಡೆಯುವ ಷರತ್ತು ಜಿರಾದಲ್ಲೇ ಇದೆ. ಅದನ್ನು ಹಾಕಿದರೆ, ಓಡಿಸದೆ ಉಳಿದ ನಾಲ್ಕು ಟೆಸ್ಟ್‌ಗಳನ್ನು ಮರೆತು ಸೈಕಲ್ ಮುಚ್ಚಲು ಆಗುವುದಿಲ್ಲ. ಬೇಡವೆಂದು ಬಿಡುವುದಾದರೆ `Not Run` ಅಂತ ಸ್ಟೇಟಸ್ ಕೊಟ್ಟು ಕಾರಣ ಬರೆಯಲೇಬೇಕು.

ಈ ದಾರಿಯ ಕಷ್ಟ ಗದ್ದಲ. ವರ್ಷಕ್ಕೆ ನಾಲ್ಕು ಸೈಕಲ್ ಆದರೆ ನಾನೂರಕ್ಕೂ ಜಾಸ್ತಿ ಸಬ್‌ಟಾಸ್ಕ್ ಪ್ರಾಜೆಕ್ಟ್ ಒಳಗೆ ಬಂದು ಬೀಳುತ್ತವೆ. ಡೆವಲಪರ್‌ಗಳ ಬೋರ್ಡ್, ಹುಡುಕಾಟ, ನೋಟಿಫಿಕೇಷನ್ ಎಲ್ಲ ಕಡೆ ತುಂಬಿಕೊಳ್ಳುತ್ತವೆ. ಟೆಸ್ಟಿಂಗ್‌ಗೆ ಬೇರೆ ಪ್ರಾಜೆಕ್ಟ್ ಮಾಡಿದರೆ ಅರ್ಧ ಕಾಟ ತಪ್ಪುತ್ತದೆ. ಸಬ್‌ಟಾಸ್ಕ್ ಮತ್ತು ತಾಯಿ ಇಶ್ಯೂ ಒಂದೇ ಪ್ರಾಜೆಕ್ಟ್‌ನಲ್ಲಿ ಇರಬೇಕು ಅನ್ನುವ ನಿಯಮಕ್ಕೂ ಅದು ಹೊಂದುತ್ತದೆ.

49ರ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ, ಸ್ವಲ್ಪ ಕೈಕೆಲಸದ ಜೊತೆ. ಆರ್‌ಸಿ1 ಕೆಳಗಿನ ಪಾಸ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ, ಅದರಿಂದ ಆರ್‌ಸಿ2 ಕೆಳಗೆ ಇರುವ ಕೇಸ್‌ಗಳನ್ನು ಕಳೆಯಬೇಕು. 61ರಲ್ಲಿ 12 ಹೋದರೆ 49. ಹತ್ತು ನಿಮಿಷದ ಕೆಲಸ, ಆದರೆ ಪ್ರತಿ ಸಲವೂ ಯಾರೋ ಕೂತು ಮಾಡಬೇಕು.

ದಾರಿ 3: ಎಕ್ಸ್‌ರೇ ಥರದ ಆಡ್-ಆನ್

ಜಿರಾ ಒಳಗೇ ಕೂರುವ ಎಕ್ಸ್‌ರೇ ಟೆಸ್ಟ್ ಕೇಸ್, ಓಟ, ಬಗ್ ಈ ಮೂರನ್ನೂ ವಿನ್ಯಾಸದಲ್ಲೇ ಬೇರೆ ಮಾಡಿದೆ. `Test` ಒಂದು ಜಿರಾ ಇಶ್ಯೂ. `Test Execution` ಇನ್ನೊಂದು ಇಶ್ಯೂ, ಅದರೊಳಗೆ ಟೆಸ್ಟ್‌ಗಳ ಪಟ್ಟಿ. ಇವೆರಡೂ ಸೇರುವ ಜಾಗದಲ್ಲಿ ಟೆಸ್ಟ್ ರನ್ ಹುಟ್ಟುತ್ತದೆ. ಅದು ಜಿರಾ ಇಶ್ಯೂ ಅಲ್ಲ, ಆಡ್-ಆನ್‌ನ ಸ್ವಂತ ದಾಖಲೆ. ಹಾಗಾಗಿ 111 ಓಟಗಳಿಗೆ ಜಿರಾದಲ್ಲಿ ಹೊಸದಾಗಿ ಬರುವುದು ಎರಡೇ `Test Execution` ಇಶ್ಯೂ. ಮೇಲೆ ಒಂದು `Test Plan` ಇಟ್ಟರೆ ಎರಡನ್ನೂ ಒಟ್ಟಿಗೆ ನೋಡಬಹುದು.

ಟೆಸ್ಟ್ ರನ್ ಹುಟ್ಟಿದಾಗ ಟೆಸ್ಟ್‌ನ ಸ್ಟೆಪ್‌ಗಳ ನಕಲು ಅದರಲ್ಲಿ ಕೂರುತ್ತದೆ. ದಾರಿ 2ರಲ್ಲಿ ನಾವು ಕೈಯಲ್ಲಿ ಮಾಡಿದ ಕೆಲಸವನ್ನು ಇದು ತಾನೇ ಮಾಡುತ್ತದೆ. ಮೂಲ ಟೆಸ್ಟ್ ಆಮೇಲೆ ಬದಲಾದರೆ ರನ್ ತಾನಾಗಿ ಬದಲಾಗುವುದಿಲ್ಲ. ಹೊಸ ಸ್ಟೆಪ್ ಬೇಕಾದರೆ ನೀವೇ ವಿಲೀನ ಮಾಡಬೇಕು ಅಥವಾ ರೀಸೆಟ್ ಮಾಡಬೇಕು. ರೀಸೆಟ್ ಒತ್ತುವ ಮುಂಚೆ ಎರಡು ಸಲ ಯೋಚಿಸಿ, ಆ ರನ್‌ನಲ್ಲಿ ಬರೆದಿದ್ದ ಫಲಿತಾಂಶ ಹೋಗುತ್ತದೆ.

ಫೇಲ್ ಆದ ಸ್ಟೆಪ್‌ನ ಪಕ್ಕದಿಂದಲೇ ಬಗ್ ಹಾಕಬಹುದು. ಯಾವ ರನ್‌ನಲ್ಲಿ ಯಾವ ಬಗ್ ಅನ್ನುವ ಗಂಟು ತಾನಾಗಿ ಬೀಳುತ್ತದೆ. ಇದು ಸಣ್ಣ ಅನುಕೂಲ ಅನಿಸಬಹುದು. ಆದರೆ ಸಂಜೆ ಆರೂವರೆಗೆ ಎಂಟನೇ ಫೇಲ್ ಬರೆಯುತ್ತಿರುವ ಟೆಸ್ಟರ್ ಲಿಂಕ್ ಹಾಕುವುದನ್ನು ಮರೆಯುವುದು ಸಹಜ, ಅಲ್ವಾ? ಅಲ್ಲಿ ಇದರ ಬೆಲೆ ತಿಳಿಯುತ್ತದೆ.

ಇದರಲ್ಲೂ ಎಡವುವ ಜಾಗಗಳಿವೆ. ದೊಡ್ಡದು ಇದು: ಒಂದು `Test Execution` ಒಳಗೆ ಒಂದು ಟೆಸ್ಟ್ ಒಂದೇ ಸಲ ಇರಲು ಸಾಧ್ಯ. ಆರ್‌ಸಿ2 ಬಂದಾಗ ಹಳೆಯದನ್ನೇ ತೆರೆದು ಫೇಲ್ ಅನ್ನು ಪಾಸ್ ಮಾಡಿದರೆ ನೀವು ವಾಪಸ್ ದಾರಿ 1ಕ್ಕೆ ಬಂದಿರಿ, ಅದೂ ಲೈಸೆನ್ಸ್ ದುಡ್ಡು ಕೊಟ್ಟು. ಹೊಸ ಬಿಲ್ಡ್ ಅಂದರೆ ಹೊಸ `Test Execution`, ಇದಕ್ಕೆ ರಿಯಾಯಿತಿ ಬೇಡ. ಬಿಲ್ಡ್ ಹೆಸರನ್ನು ಅದರ `Revision` ಫೀಲ್ಡ್‌ನಲ್ಲಿ, ಹಾರ್ಡ್‌ವೇರ್ ಸೆಟಪ್ ಅನ್ನು `Test Environments`ನಲ್ಲಿ ಬರೆಯಿರಿ. ಖಾಲಿ ಬಿಟ್ಟರೆ ಟೂಲ್ ಏನೂ ಹೇಳುವುದಿಲ್ಲ, ಆರು ತಿಂಗಳ ಮೇಲೆ ಆಡಿಟರ್ ಹೇಳುತ್ತಾರೆ.

ಎರಡನೆಯದು, `Test Plan` ತೋರಿಸುವ ಒಟ್ಟು ಸಂಖ್ಯೆ. ಅದು ಪ್ರತಿ ಟೆಸ್ಟ್‌ನ ಕೊನೆಯ ಫಲಿತಾಂಶವನ್ನು ತೆಗೆದುಕೊಂಡು ಕೂಡಿಸುತ್ತದೆ. ನಮ್ಮ ಸೈಕಲ್‌ನಲ್ಲಿ 77 ಪಾಸ್ ಅಂತ ಹಸಿರು ಪಟ್ಟಿ ಬರುತ್ತದೆ. ಅದರೊಳಗಿನ 49 ಆರ್‌ಸಿ1ರದ್ದು ಅನ್ನುವುದು ಆ ಹಸಿರಿನಲ್ಲಿ ಕಾಣುವುದಿಲ್ಲ. ಎರಡು `Test Execution`ಗಳನ್ನು ಬೇರೆ ಬೇರೆ ತೆರೆದು ನೋಡಿದರೆ ಮಾಹಿತಿ ಪೂರ್ತಿ ಇದೆ. ಆದರೆ ಮೀಟಿಂಗ್‌ನಲ್ಲಿ ಪ್ರೊಜೆಕ್ಟರ್ ಮೇಲೆ ಹಾಕುವುದು ಹಸಿರು ಪಟ್ಟಿಯನ್ನೇ. ರಿಪೋರ್ಟ್‌ನಲ್ಲಿ "77 ಪಾಸ್: ಆರ್‌ಸಿ2 ಮೇಲೆ 28, ಆರ್‌ಸಿ1 ಮೇಲೆ 49" ಅಂತ ಬಿಡಿಸಿ ಬರೆಯುವ ರೂಢಿ ಮಾಡಿಕೊಳ್ಳಿ.

ಮೂರನೆಯದು ಚಿಕ್ಕದು: ಮೊದಲಿನಿಂದ ಬರುವ ಸ್ಟೇಟಸ್‌ಗಳಲ್ಲಿ ಬ್ಲಾಕ್ಡ್ ಇರುವುದಿಲ್ಲ. ಅಡ್ಮಿನ್ ಸೇರಿಸಬೇಕು. ಸೇರಿಸದಿದ್ದರೆ ಆ ಏಳು ಟೆಸ್ಟ್‌ಗಳನ್ನು ಕೆಲವರು ಫೇಲ್ ಅಂತಲೂ, ಕೆಲವರು ಇನ್ನೂ ಓಡಿಸಿಲ್ಲ ಅಂತಲೂ ಬಿಡುತ್ತಾರೆ.

ಇದೇ ಗುಂಪಿನ ಜೆಫಿರ್ ಸ್ಕೇಲ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಟೆಸ್ಟ್ ಕೇಸ್ ಕೂಡ ಜಿರಾ ಇಶ್ಯೂ ಅಲ್ಲ, ಎಲ್ಲವೂ ಆಡ್-ಆನ್‌ನ ಸ್ವಂತ ಗೋದಾಮಿನಲ್ಲಿ. ಜಿರಾ ಸ್ವಚ್ಛವಾಗಿ ಉಳಿಯುತ್ತದೆ, ಟೆಸ್ಟ್ ಕೇಸ್‌ಗೆ ವರ್ಷನ್ ಇಡುವ ಸೌಲಭ್ಯವೂ ಇದೆ. ಬದಲಿಗೆ, ಟೆಸ್ಟ್ ಕೇಸ್‌ಗಳ ಮೇಲೆ ಜಿರಾದ ವರ್ಕ್‌ಫ್ಲೋ, ಸಾಮಾನ್ಯ ಫಿಲ್ಟರ್ ನಡೆಯುವುದಿಲ್ಲ. ಟೆಸ್ಟ್ ಕೇಸ್‌ಗೂ ರಿವ್ಯೂ, ಅನುಮೋದನೆ ಬೇಕು, ಅದು ಜಿರಾ ವರ್ಕ್‌ಫ್ಲೋದಲ್ಲೇ ಆಗಬೇಕು ಅನ್ನುವ ಟೀಮ್‌ಗೆ ಎಕ್ಸ್‌ರೇ ಹತ್ತಿರ. ಸಾವಿರಾರು ಕೇಸ್ ಇವೆ, ಜಿರಾ ತುಂಬಬಾರದು ಅನ್ನುವವರಿಗೆ ಜೆಫಿರ್ ಸ್ಕೇಲ್.

ದಾರಿ 4: ಹೊರಗಿನ ಟೂಲ್, ಬಗ್ ಮಾತ್ರ ಜಿರಾದಲ್ಲಿ

ಟೆಸ್ಟ್‌ರೇಲ್ ಈ ಗುಂಪಿನ ಪರಿಚಿತ ಹೆಸರು. ಪ್ರತಿ ಬಿಲ್ಡ್‌ಗೂ ಒಂದು ರನ್, ಅದರೊಳಗೆ ಒಂದೊಂದು ಟೆಸ್ಟ್‌ಗೂ ಫಲಿತಾಂಶಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಬ್ಲಾಕ್ಡ್ ಮತ್ತು ರೀಟೆಸ್ಟ್ ಎರಡೂ ಮೊದಲಿನಿಂದಲೇ ಇವೆ. ಡಿಫೆಕ್ಟ್ಸ್ ಅನ್ನುವ ಫೀಲ್ಡ್‌ನಲ್ಲಿ `PUMP-311` ಅಂತ ಜಿರಾ ಕೀ ಬರೆದರೆ ಲಿಂಕ್ ಆಯಿತು. ರನ್ ಮುಚ್ಚಿದ ಮೇಲೆ ಅದು ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಕೇಸ್ ತಿದ್ದಿದರೂ ಹಳೆಯ ರನ್ ಬದಲಾಗದು. ಇದರ ಇನ್ನೊಂದು ಮುಖ ಗೊತ್ತಿರಲಿ: ರನ್ ತೆರೆದಿರುವಾಗ ಕೇಸ್ ತಿದ್ದಿದರೆ ಅದು ಆ ರನ್‌ನಲ್ಲೂ ಬದಲಾಗುತ್ತದೆ. ಆರ್‌ಸಿ1ರ ರನ್ ಅನ್ನು ಆರ್‌ಸಿ2 ಶುರುವಾಗುವ ಮುಂಚೆ ಮುಚ್ಚಿಬಿಡಿ.

ಡೆವಲಪರ್‌ಗೆ ಮಾತ್ರ ಈ ದಾರಿ ಸ್ವಲ್ಪ ದೂರ. ಬಗ್ ತೆರೆದವರಿಗೆ ಐದು ಟೆಸ್ಟ್ ಇದರಿಂದ ಬಿದ್ದಿವೆ ಅನ್ನುವುದು ಜಿರಾದಲ್ಲೇ ಕಾಣಬೇಕಾದರೆ ಇಂಟಿಗ್ರೇಷನ್ ಸರಿಯಾಗಿ ಕೂರಿಸಬೇಕು. ಇಲ್ಲದಿದ್ದರೆ "ಇದು ಅಷ್ಟೇನೂ ತುರ್ತಲ್ಲ" ಅಂತ ಪಕ್ಕಕ್ಕೆ ಇಡುತ್ತಾರೆ.

ಜಿರಾ ಬದಲು ಅಜೂರ್ ಡೆವ್‌ಆಪ್ಸ್ ಬಳಸುವವರು ಇಷ್ಟೆಲ್ಲ ಹುಡುಕಬೇಕಾಗಿಲ್ಲ. ಅದರ ಟೆಸ್ಟ್ ಪ್ಲಾನ್ಸ್‌ನಲ್ಲಿ ಟೆಸ್ಟ್ ಕೇಸ್ ವರ್ಕ್ ಐಟಂ, ಫಲಿತಾಂಶ ಬೇರೆ ದಾಖಲೆ. ಒಂದೇ ಕೇಸ್ ಎರಡು ಕಾನ್ಫಿಗರೇಷನ್‌ನಲ್ಲಿ ಓಡಬೇಕಾದರೆ ಎರಡು ಟೆಸ್ಟ್ ಪಾಯಿಂಟ್ ಆಗುತ್ತದೆ.

ಫೇಲ್‌ಗೂ ಬಗ್‌ಗೂ ನಡುವಿನ ಗಂಟು

ಯಾವ ದಾರಿ ಹಿಡಿದರೂ ಕೆಟ್ಟುಹೋಗುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಎಂಟು ಫೇಲ್‌ಗೆ ಎಂಟು ಬಗ್ ಹಾಕಬೇಕಾ, ಮೂರಾ? ಕಾರಣಕ್ಕೆ ಒಂದು ಬಗ್, ಆ ಒಂದಕ್ಕೆ ಎಷ್ಟು ಓಟ ಬೇಕಾದರೂ ಲಿಂಕ್. ಆದರೆ ಟೆಸ್ಟರ್‌ಗೆ ಆ ಹೊತ್ತಿನಲ್ಲಿ ಕಾರಣ ಗೊತ್ತಿರುವುದಿಲ್ಲ. ಅಲಾರಂ ಎರಡು ಕಡೆ ತಡವಾಗಿ ಬಾರಿಸಿತು ಅಂತ ಮಾತ್ರ ಗೊತ್ತು. ಅವರು ಎರಡು ಬಗ್ ಹಾಕುತ್ತಾರೆ, `PUMP-311` ಮತ್ತು `PUMP-314`. ಮರುದಿನ ಡೆವಲಪರ್ ನೋಡಿ, ಎರಡೂ ಒಂದೇ ಅಂತ 314ನ್ನು ಡ್ಯೂಪ್ಲಿಕೇಟ್ ಎಂದು ಮುಚ್ಚುತ್ತಾರೆ. ಇದು ಸರಿಯಾದ ಕೆಲಸವೇ. ಆದರೆ ಓಟದ ದಾಖಲೆ ಇನ್ನೂ 314ನ್ನೇ ತೋರಿಸುತ್ತಿದೆ, ಮತ್ತು 314 ಮುಚ್ಚಿದೆ. "ಬಗ್ ಮುಚ್ಚಿರುವ ಫೇಲ್‌ಗಳನ್ನು ರೀಟೆಸ್ಟ್‌ಗೆ ಕೊಡಿ" ಅನ್ನುವ ಫಿಲ್ಟರ್ ಇದ್ದರೆ ಈ ಟೆಸ್ಟ್ ಪಟ್ಟಿಗೆ ಬಂದುಬಿಡುತ್ತದೆ. ಯಾರೋ ಓಡಿಸುತ್ತಾರೆ, ಮತ್ತೆ ಫೇಲ್, ಇನ್ನೊಂದು ಬಗ್. ರೀಟೆಸ್ಟ್ ಪಟ್ಟಿ ತೆಗೆಯುವಾಗ ಮುಚ್ಚಿದ್ದನ್ನು ನೋಡಿದರೆ ಸಾಲದು, ಫಿಕ್ಸ್ ಆಗಿ ಮುಚ್ಚಿದ್ದನ್ನು, ಅದೂ ಯಾವ ಬಿಲ್ಡ್‌ನಲ್ಲಿ ಅಂತ ನೋಡಬೇಕು:

```
project = PUMP AND issuetype = Bug
AND resolution = Fixed AND fixVersion = "3.2-RC2"
```

ರೆಸಲ್ಯೂಷನ್‌ನ ಹೆಸರು ಕೆಲವು ಜಿರಾಗಳಲ್ಲಿ `Done` ಅಂತ ಇರುತ್ತದೆ, ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ. ಎಲ್ಲಕ್ಕೂ `Done` ಒಂದನ್ನೇ ಇಟ್ಟಿದ್ದರೆ ಸೈಕಲ್‌ಗೆ ಮುಂಚೆ `Duplicate`, `Won't Fix`ಗಳನ್ನು ಬೇರೆ ಮಾಡಿಸಿ. ಡ್ಯೂಪ್ಲಿಕೇಟ್ ಮುಚ್ಚುವವರು ಓಟದ ಲಿಂಕ್ ಅನ್ನು ಮೂಲ ಬಗ್‌ಗೂ ಸೇರಿಸುವುದು ಟ್ರಯಾಜ್‌ನ ಭಾಗವಾಗಬೇಕು. 314ರ ಲಿಂಕ್ ತೆಗೆಯಬೇಡಿ, 311 ಅನ್ನು ಜೊತೆಗೆ ಸೇರಿಸಿ.

ಬ್ಲಾಕ್ಡ್ ಆದ ಏಳಕ್ಕೂ ಬಗ್ ಲಿಂಕ್ ಬೇಕು, ಆದರೆ ಬೇರೆ ಲಿಂಕ್ ಟೈಪ್‌ನಲ್ಲಿ. ಸೆಟ್ಟಿಂಗ್ ಬಗ್‌ನಿಂದ ಎರಡು ಫೇಲ್, ಏಳು ಬ್ಲಾಕ್ ಅನ್ನುವುದು ಅದರ ತುರ್ತು ಏನು ಅಂತ ಹೇಳುತ್ತದೆ. ಅಲಾರಂ ಬಗ್ ಐದು ಟೆಸ್ಟ್ ಹಿಡಿದಿದ್ದರೆ, ಇದು ಒಂಬತ್ತು ಹಿಡಿದಿದೆ. ಸುಮ್ನೆ ಫೇಲ್ ಎಣಿಸಿದರೆ ಕ್ರಮ ಉಲ್ಟಾ ಕಾಣುತ್ತದೆ.

ಇನ್ನು, ಎಲ್ಲ ಫೇಲ್ ಕೂಡ ಪಂಪ್‌ನ ತಪ್ಪಲ್ಲ. ಟೆಸ್ಟ್ ಕೇಸ್‌ನಲ್ಲೇ ನಿರೀಕ್ಷಿತ ಬೆಲೆ ತಪ್ಪಾಗಿರಬಹುದು, ಬೆಂಚ್‌ನ ಪ್ರೆಶರ್ ಸೆನ್ಸರ್ ಕೆಟ್ಟಿರಬಹುದು. ಅಂಥ ಹೊತ್ತಲ್ಲಿ ಫೇಲ್ ಅನ್ನು ಅಳಿಸಿ ಪಾಸ್ ಮಾಡುವ ಆಸೆ ಬರುತ್ತದೆ. ಬೇಡ. ಆ ಓಟ ಫೇಲ್ ಆಗಿಯೇ ಇರಲಿ, ಕಾರಣಕ್ಕೆ ಒಂದು ಇಶ್ಯೂ ಹಾಕಿ, ಸರಿಮಾಡಿದ ಮೇಲೆ ಹೊಸ ಓಟ ಬರೆಯಿರಿ. ಕೇಸ್ ತಪ್ಪಾಗಿದ್ದರೆ ತಿದ್ದಿದ ಕೇಸ್‌ಗೆ ರಿವ್ಯೂ ಆಗಿದೆ ಅಂತಲೂ ತೋರಿಸಬೇಕು. ಇಲ್ಲವಾದರೆ ಪಾಸ್ ಬರಲಿ ಅಂತ ಟೆಸ್ಟ್ ಬದಲಾಯಿಸಿದರು ಅನ್ನುವ ಅನುಮಾನಕ್ಕೆ ಉತ್ತರ ಇರುವುದಿಲ್ಲ.

ದುಡ್ಡು, ಮತ್ತು ಯಾರಿಗೆ ಯಾವುದು

ಬೆಲೆಯಲ್ಲಿ ಒಂದು ವಿಷಯ ತುಂಬಾ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಜಿರಾದ ಮಾರ್ಕೆಟ್‌ಪ್ಲೇಸ್ ಆಡ್-ಆನ್‌ಗಳ ಲೈಸೆನ್ಸ್ ಸಾಮಾನ್ಯವಾಗಿ ಜಿರಾ ಬಳಸುವ ಎಲ್ಲರ ಲೆಕ್ಕದಲ್ಲಿ ಬರುತ್ತದೆ, ಟೆಸ್ಟರ್‌ಗಳ ಲೆಕ್ಕದಲ್ಲಿ ಅಲ್ಲ. ಜಿರಾದಲ್ಲಿ 400 ಜನ ಇದ್ದು ಟೆಸ್ಟರ್‌ಗಳು 6 ಜನ ಆದರೂ 400ಕ್ಕೆ ಕಟ್ಟಬೇಕು. ಟೆಸ್ಟ್‌ರೇಲ್‌ನಲ್ಲಿ ಅದನ್ನು ಬಳಸುವವರಿಗೆ ಮಾತ್ರ. ಹಾಗಾಗಿ ದೊಡ್ಡ ಕಂಪನಿಯ ಚಿಕ್ಕ ಟೆಸ್ಟ್ ಟೀಮ್‌ಗೆ ಹೊರಗಿನ ಟೂಲ್ ಅಗ್ಗವಾಗುತ್ತದೆ. 25 ಜನರ ಕಂಪನಿಯಲ್ಲಿ ಎಲ್ಲರೂ ಜಿರಾದಲ್ಲೇ ಇದ್ದರೆ ಆಡ್-ಆನ್ ಸರಿಹೋಗುತ್ತದೆ.

ವರ್ಷಕ್ಕೆ ಒಂದೆರಡು ಸೈಕಲ್, ನೂರರ ಆಸುಪಾಸು ಟೆಸ್ಟ್, ಒಂದೇ ಹಾರ್ಡ್‌ವೇರ್ ಆಗಿದ್ದರೆ ನಾನು ದಾರಿ 2ನ್ನೇ ಹೇಳುತ್ತೇನೆ. ಜಿರಾ ಅಡ್ಮಿನ್‌ನ ಎರಡು ದಿನ ಸಿಕ್ಕರೆ ಸಾಕು. ಸೈಕಲ್‌ಗಳು ಜಾಸ್ತಿ, ಹಾರ್ಡ್‌ವೇರ್ ರಿವಿಷನ್ ಮೂರು ನಾಲ್ಕು, ರಿಕ್ವೈರ್‌ಮೆಂಟ್‌ನಿಂದ ಟೆಸ್ಟ್‌ಗೆ, ಟೆಸ್ಟ್‌ನಿಂದ ಬಗ್‌ಗೆ ಕೊಂಡಿ ತೋರಿಸಬೇಕು ಅಂದರೆ ಎಕ್ಸ್‌ರೇ ಥರದ್ದು ಬೇಕೇ ಬೇಕು. ಅದನ್ನೆಲ್ಲ ಸಬ್‌ಟಾಸ್ಕ್‌ನಲ್ಲಿ ಮಾಡಲು ಹೋದರೆ ಟೆಸ್ಟ್ ಲೀಡ್‌ನ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಅಮೆರಿಕದ ಎಫ್‌ಡಿಎ ಕೆಳಗೆ ಬರುವವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಬೇಕು. 21 ಸಿಎಫ್‌ಆರ್ ಪಾರ್ಟ್ 11 ಹೇಳುವ ಎಲೆಕ್ಟ್ರಾನಿಕ್ ಸಹಿ ಬರಿ ಜಿರಾದಲ್ಲಿ ಇಲ್ಲ. ಒಂದೋ ಅದಕ್ಕೆ ಬೇರೆ ಆಡ್-ಆನ್, ಇಲ್ಲವೇ ಸೈಕಲ್ ಮುಗಿದ ಮೇಲೆ ದಾಖಲೆಯನ್ನು ಪಿಡಿಎಫ್ ಮಾಡಿ ಕ್ವಾಲಿಟಿ ಸಿಸ್ಟಂನಲ್ಲಿ ಸಹಿ ಹಾಕಿಸುವುದು. ಎರಡನೆಯದು ಹಳೇ ಕಾಲದ್ದು ಅನಿಸಿದರೂ ನಡೆಯುತ್ತದೆ.

ಕೊಳ್ಳುವ ಮುಂಚೆ ಟ್ರಯಲ್ ಅವಧಿಯಲ್ಲಿ ಈ ಉದಾಹರಣೆಯ ಚಿಕ್ಕ ರೂಪವನ್ನು ಓಡಿಸಿ ನೋಡಿ. ಹತ್ತು ಟೆಸ್ಟ್, ಎರಡು ಬಿಲ್ಡ್. ಮೊದಲ ಬಿಲ್ಡ್‌ನಲ್ಲಿ ಮೂರು ಫೇಲ್ ಮಾಡಿ, ಎರಡಕ್ಕೆ ಒಂದೇ ಬಗ್ ಲಿಂಕ್ ಮಾಡಿ. ಒಂದನ್ನು ಬ್ಲಾಕ್ ಮಾಡಿ. ಮಧ್ಯೆ ಒಂದು ಟೆಸ್ಟ್‌ನ ಸ್ಟೆಪ್ ತಿದ್ದಿ. ಎರಡನೇ ಬಿಲ್ಡ್‌ನಲ್ಲಿ ಐದನ್ನು ಮಾತ್ರ ಓಡಿಸಿ. ಆಮೇಲೆ ಈ ಟ್ರಯಲ್‌ನಲ್ಲಿ ಇಲ್ಲದ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಎರಡನೇ ಬಿಲ್ಡ್ ಮೇಲೆ ಓಡಿಸದೆ ಬಿಟ್ಟ ಐದು ಯಾವುವು, ಸ್ಟೆಪ್ ತಿದ್ದುವ ಮುಂಚೆ ಟೆಸ್ಟರ್ ಓದಿದ್ದು ಏನು, ಆ ಬಗ್‌ನಿಂದ ಬಿದ್ದ ಟೆಸ್ಟ್‌ಗಳು ಯಾವುವು ಅಂತ ಕೇಳಿ. ಅವರು ನಿಮ್ಮ ಸಹಾಯವಿಲ್ಲದೆ ಪರದೆ ನೋಡಿ ಉತ್ತರ ಹೇಳಿದರೆ ಆ ಟೂಲ್ ಆಗುತ್ತದೆ. ಪ್ರತಿ ಉತ್ತರಕ್ಕೂ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಬೇಕಾಗಿ ಬಂದರೆ, ಅದೇ ಕೆಲಸ ದಾರಿ 2ರಲ್ಲಿ ಪುಕ್ಕಟೆಯಾಗಿ ಆಗುತ್ತದೆ.